ಆಯ್ಲರ್ ಹೆಜ್ಜೆ ತಪ್ಪಿದಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಅವಕಲ ಸಮೀಕರಣ ನಮ್ಮ ಕೈಗೆ ವಕ್ರರೇಖೆಯನ್ನೇ ಕೊಡುವುದಿಲ್ಲ. ಯಾವ ಬಿಂದುವಿನಲ್ಲಿ ನಿಂತರೆ ರೇಖೆ ಎಷ್ಟು ಓರೆಯಾಗಿ ಹೊರಡುತ್ತದೆ ಎಂದಷ್ಟೇ ಹೇಳುತ್ತದೆ. ಆಯ್ಲರ್ 1768ರಲ್ಲಿ ಅಚ್ಚಿಗೆ ಕೊಟ್ಟ ಉಪಾಯ ಇಷ್ಟೇ: ನಿಂತಲ್ಲಿನ ಇಳಿಜಾರು ನೋಡು, ಆ ಸ್ಪರ್ಶಕದ ಮೇಲೆ ಒಂದು ಪುಟ್ಟ ಹೆಜ್ಜೆ ಇಡು, ಹೊಸ ಜಾಗದಲ್ಲಿ ಮತ್ತೆ ಇಳಿಜಾರು ನೋಡು. ಕ್ರಮ ಇಷ್ಟು ಸರಳವಾಗಿರುವುದರಿಂದಲೇ ತಪ್ಪಾದಾಗ ಎಲ್ಲಿ ತಪ್ಪಿತು ಎಂದು ತಿಳಿಯುವುದು ಕಷ್ಟ. ಕೊನೆಯಲ್ಲಿ ಒಂದು ಸಂಖ್ಯೆ ಬಂದೇ ಬರುತ್ತದೆ, ಅದು ಸರಿಯೋ ತಪ್ಪೋ ಎಂದು ಅದರ ಮುಖ ನೋಡಿ ಹೇಳಲಾಗದು.

ಹಾಗಾಗಿ ಮೊದಲು ಆರೋಗ್ಯವಾಗಿರುವ ಒಂದು ಕೋಷ್ಟಕ ನೋಡೋಣ. ಲಕ್ಷಣಗಳನ್ನೆಲ್ಲ ಇದರ ಪಕ್ಕದಲ್ಲಿಟ್ಟು ಹೋಲಿಸಬಹುದು.

ಸರಿಯಾದ ಕೋಷ್ಟಕ ಹೇಗಿರುತ್ತದೆ

ಸಮೀಕರಣ y′ = x + y. ಆರಂಭ x = 0, y = 1. ನಮಗೆ ಬೇಕಾದದ್ದು x = 1ರಲ್ಲಿ y. ಹೆಜ್ಜೆಯ ಅಳತೆ h = 0.2, ಅಂದರೆ ಐದು ಹೆಜ್ಜೆ. ಈ ಸಮೀಕರಣಕ್ಕೆ ನಿಖರ ಉತ್ತರ ಗೊತ್ತಿದೆ, y = 2eˣ − x − 1. ಅಭ್ಯಾಸಕ್ಕೆ ಇದನ್ನು ಆರಿಸಿಕೊಂಡದ್ದೇ ಅದಕ್ಕಾಗಿ.

| x | y (ಆಯ್ಲರ್) | ಇಳಿಜಾರು x + y | h × ಇಳಿಜಾರು | ನಿಖರ y | ಅಂತರ |
|---|---|---|---|---|---|
| 0 | 1 | 1 | 0.2 | 1 | 0 |
| 0.2 | 1.2 | 1.4 | 0.28 | 1.2428 | 0.0428 |
| 0.4 | 1.48 | 1.88 | 0.376 | 1.5836 | 0.1036 |
| 0.6 | 1.856 | 2.456 | 0.4912 | 2.0442 | 0.1882 |
| 0.8 | 2.3472 | 3.1472 | 0.62944 | 2.6511 | 0.3039 |
| 1.0 | 2.97664 | – | – | 3.4366 | 0.4599 |

ಒಂದು ಸಾಲನ್ನು ಹತ್ತಿರದಿಂದ ನೋಡಿ. x = 0.4ರಲ್ಲಿ ನಿಂತಿದ್ದೇವೆ, y = 1.48. ಇಳಿಜಾರು 0.4 + 1.48 = 1.88. ಹೆಜ್ಜೆ 0.2 ಆದ್ದರಿಂದ ಏರಿಕೆ 0.2 × 1.88 = 0.376. ಹೊಸ y = 1.48 + 0.376 = 1.856. ಇಳಿಜಾರಿಗೆ ಬಳಸಿದ x, y ಎರಡೂ ಒಂದೇ ಸಾಲಿನವು, ಹೆಜ್ಜೆಯ ಆರಂಭದ ಬೆಲೆಗಳು. ಇದನ್ನು ಮರೆತರೆ ಏನಾಗುತ್ತದೆ ಎಂದು ಮುಂದೆ ಬರುತ್ತದೆ.

ಲಕ್ಷಣ: ಉತ್ತರ ಯಾವಾಗಲೂ ನಿಖರ ಬೆಲೆಗಿಂತ ಕಡಿಮೆ ಬರುತ್ತಿದೆ

ಇದು ಹೆಚ್ಚಾಗಿ ದೋಷವೇ ಅಲ್ಲ. ಮೇಲಿನ ಕೋಷ್ಟಕದಲ್ಲೇ 3.4366 ಬರಬೇಕಾದ ಕಡೆ 2.9766 ಬಂದಿದೆ. ನಮ್ಮ ವಕ್ರರೇಖೆ ಮೇಲ್ಮುಖವಾಗಿ ಬಾಗುತ್ತಾ ಹೋಗುತ್ತದೆ, ಸ್ಪರ್ಶಕ ನೇರವಾಗಿ ಹೋಗುತ್ತದೆ. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಸ್ಪರ್ಶಕವು ವಕ್ರರೇಖೆಯ ಕೆಳಗೇ ಉಳಿಯುತ್ತದೆ. ಮೊದಲ ಹೆಜ್ಜೆಯಲ್ಲಿ ಎಷ್ಟು ಕೆಳಗೆ ಎಂದು ಅಂದಾಜು ಮಾಡಬಹುದು: ಎರಡನೆಯ ಅವಕಲ y″ = 1 + y′, ಆರಂಭದಲ್ಲಿ ಅದು 2. ಅದನ್ನು h²/2ರಿಂದ ಗುಣಿಸಿದರೆ 0.04. ಕೋಷ್ಟಕದಲ್ಲಿ ಇರುವುದು 0.0428. ಅಂದಾಜು ಸಾಕಷ್ಟು ಹೊಂದುತ್ತದೆ.

ಅಂತರ ಬೆಳೆಯುವುದು ಎರಡು ಕಾರಣದಿಂದ. ಪ್ರತಿ ಹೆಜ್ಜೆಯೂ ಹೊಸದಾಗಿ ಇಷ್ಟಿಷ್ಟು ಕೊರತೆ ಸೇರಿಸುತ್ತದೆ. ಜೊತೆಗೆ ಹಳೆಯ ಕೊರತೆಗೆ ಬಡ್ಡಿಯೂ ಬೀಳುತ್ತದೆ: y ಕಡಿಮೆಯಿದ್ದರೆ ಇಳಿಜಾರೂ ಕಡಿಮೆಯಾಗಿ, ಹಿಂದಿನ ಅಂತರ ಈ ಸಮೀಕರಣದಲ್ಲಿ ಹೆಜ್ಜೆಗೆ 1.2 ಪಟ್ಟಾಗುತ್ತದೆ. 0.0428 ಎರಡನೆಯ ಹೆಜ್ಜೆಯಲ್ಲಿ 0.0514 ಆಯಿತು, ಉಳಿದ 0.05ರಷ್ಟು ಹೊಸ ಸಾಲ. ಕೆಳಕ್ಕೆ ಬಾಗುವ ರೇಖೆಯಾದರೆ ಇದೆಲ್ಲ ತಿರುವುಮುರುವು, ಆಯ್ಲರ್ ಉತ್ತರ ಮೇಲೆ ಉಳಿಯುತ್ತದೆ.

ಇದು ಸಹಜ ಕೊರತೆಯೋ ನಿಜವಾದ ದೋಷವೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ, ಇಡೀ ಕೈಪಿಡಿಯಲ್ಲಿ ನಾನು ಅತಿ ಹೆಚ್ಚು ನಂಬುವುದು ಇದನ್ನೇ. ಹೆಜ್ಜೆಯನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, x = 1ರ ಉತ್ತರಗಳನ್ನು ಒಂದರ ಕೆಳಗೊಂದು ಬರೆಯಿರಿ.

| h | x = 1ರಲ್ಲಿ y | ಹಿಂದಿನದಕ್ಕಿಂತ ಹೆಚ್ಚು |
|---|---|---|
| 0.2 | 2.97664 | – |
| 0.1 | 3.18748 | 0.2108 |
| 0.05 | 3.30660 | 0.1191 |
| 0.025 | 3.37013 | 0.0635 |

ಮೂರನೆಯ ಅಂಕಣ ನೋಡಿ. 0.2108 ಭಾಗಿಸು 0.1191 ಸುಮಾರು 1.77, 0.1191 ಭಾಗಿಸು 0.0635 ಸುಮಾರು 1.87. ಅನುಪಾತ 2ರ ಕಡೆಗೆ ನಡೆಯುತ್ತಿದೆ. ಹೆಜ್ಜೆ ಅರ್ಧವಾದರೆ ತಪ್ಪೂ ಸರಿಸುಮಾರು ಅರ್ಧವಾಗುವುದು ಆಯ್ಲರ್ ವಿಧಾನದ ಸಹಜ ಗುಣ. ನಿಖರ ಉತ್ತರ ಗೊತ್ತಿಲ್ಲದ ಸಮೀಕರಣಕ್ಕೂ ಈ ಪರೀಕ್ಷೆ ನಡೆಯುತ್ತದೆ ಎಂಬುದೇ ಇದರ ಬೆಲೆ.

ಅನುಪಾತ ಹೀಗಿದ್ದರೆ ಪುಕ್ಕಟೆಯಾಗಿ ಇನ್ನೊಂದು ಲಾಭವೂ ಸಿಗುತ್ತದೆ. ಚಿಕ್ಕ ಹೆಜ್ಜೆಯ ಉತ್ತರವನ್ನು ಎರಡರಿಂದ ಗುಣಿಸಿ ದೊಡ್ಡ ಹೆಜ್ಜೆಯ ಉತ್ತರ ಕಳೆಯಿರಿ: 2 × 3.30660 − 3.18748 = 3.42572. ನಿಖರ ಬೆಲೆ 3.43656. ಇಪ್ಪತ್ತು ಹೆಜ್ಜೆಯದನ್ನೂ ಹತ್ತು ಹೆಜ್ಜೆಯದನ್ನೂ ಸೇರಿಸಿದಾಗ ಸಿಕ್ಕಿದ್ದು ನಲವತ್ತು ಹೆಜ್ಜೆಯ ಉತ್ತರಕ್ಕಿಂತ ಹತ್ತಿರ.

ಲಕ್ಷಣ: ಇಳಿಜಾರಿನ ಅಂಕಣ ಅಲುಗಾಡುತ್ತಲೇ ಇಲ್ಲ

y′ = cos x ಎಂಬಂಥ ಸಮೀಕರಣದಲ್ಲಿ ಪ್ರತಿ ಸಾಲಿನಲ್ಲೂ ಇಳಿಜಾರು ಹೆಚ್ಚುಕಡಿಮೆ 1 ಎಂದೇ ಬರುತ್ತಿದ್ದರೆ ಕ್ಯಾಲ್ಕುಲೇಟರಿನ ಮೂಲೆ ನೋಡಿ. ಅದು ಡಿಗ್ರಿಯಲ್ಲಿದೆ. cos 1 ಒತ್ತಿದಾಗ 0.5403 ಬಂದರೆ ರೇಡಿಯನ್, 0.9998 ಬಂದರೆ ಡಿಗ್ರಿ. ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು, ಹತ್ತು ಸೆಕೆಂಡು ಸಾಕು. ಆದರೂ ಇದನ್ನೇ ಕೊನೆಗೆ ನೋಡುವವರು ಹೆಚ್ಚು, ನಾನೂ ಆ ಗುಂಪಿನವನೇ.

ಲಕ್ಷಣ: ಉತ್ತರ ಇರಬೇಕಾದ್ದಕ್ಕಿಂತ ಚೆನ್ನಾಗಿ ಬಂದಿದೆ

ಇದನ್ನು ಲಕ್ಷಣ ಎಂದು ಯಾರೂ ಗುರುತಿಸುವುದಿಲ್ಲ, ಅದಕ್ಕೇ ಇದು ಅಪಾಯದ್ದು. ಸರಿಯಾದ ಕೋಡ್ ಹೀಗಿರುತ್ತದೆ:

```python
x, y, h = 0.0, 1.0, 0.2
for n in range(5):
    m = x + y
    y = y + h*m
    x = x + h
    print(round(x, 4), round(y, 5))
```

ಒಮ್ಮೆ ನಾನು ಲೂಪಿನ ಒಳಗೆ ಹೀಗೆ ಬರೆದಿದ್ದೆ:

```python
    x = x + h
    y = y + h*(x + y)
```

ಹೊಸ x, ಹಳೆಯ y. ಮೊದಲ ಹೆಜ್ಜೆಯ ಇಳಿಜಾರು 1 ಆಗಬೇಕಿದ್ದದ್ದು 0.2 + 1 = 1.2 ಆಯಿತು, y 1.2ರ ಬದಲು 1.24. ಕೊನೆಗೆ x = 1ರಲ್ಲಿ ಬಂದದ್ದು 3.2743. ಸರಿಯಾದ ಆಯ್ಲರ್ ಕೊಡುವ 2.9766ಕ್ಕಿಂತ ಇದು ನಿಖರ ಬೆಲೆಗೆ ಎಷ್ಟೋ ಹತ್ತಿರ! ಎರಡು ವಾರ ಅದನ್ನೇ ಬಳಸಿಕೊಂಡು ಓಡಾಡಿದೆ. ಕಾರಣ ಕಾಕತಾಳೀಯ: ಸ್ಪರ್ಶಕವು ವಕ್ರರೇಖೆಯ ಕೆಳಗೆ ಉಳಿಯುತ್ತಿತ್ತು, ಮುಂದಿನ x ಹಾಕಿದ್ದರಿಂದ ಇಳಿಜಾರು ಸ್ವಲ್ಪ ಹೆಚ್ಚಿ ಆ ಕೊರತೆಯನ್ನು ಭಾಗಶಃ ತುಂಬಿತು. ಸಮೀಕರಣ y′ = y − x ಆಗಿ ಆರಂಭ y = 2 ಆಗಿದ್ದರೆ ಅದೇ ಎರಡು ಸಾಲು ಕೊರತೆಯನ್ನು ಇನ್ನಷ್ಟು ದೊಡ್ಡದು ಮಾಡುತ್ತಿದ್ದವು. ತಪ್ಪು ಒಂದು ಕಡೆ ಮಿತ್ರನಂತೆ, ಇನ್ನೊಂದು ಕಡೆ ಶತ್ರುವಿನಂತೆ ನಡೆದುಕೊಂಡಿತು.

ಇನ್ನೂ ಕೆಟ್ಟ ಸಂಗತಿ ಎಂದರೆ ಅರ್ಧ ಮಾಡುವ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಈ ತಪ್ಪು ಕೋಡ್ h = 0.1ಕ್ಕೆ 3.3469, 0.05ಕ್ಕೆ 3.3893 ಕೊಡುತ್ತದೆ. ಅಂತರಗಳು 0.0726, 0.0424, ಅನುಪಾತ ಸುಮಾರು 1.7. ಹೆಜ್ಜೆ ಸಣ್ಣದಾದಂತೆ ಇದೂ ಸರಿಯಾದ ಉತ್ತರದ ಕಡೆಗೇ ಹೋಗುತ್ತದೆ. ಹಿಡಿಯುವ ದಾರಿ ಒಂದೇ: ಮೊದಲ ಎರಡು ಸಾಲನ್ನು ಕಾಗದದ ಮೇಲೆ ಕೈಯಲ್ಲಿ ಮಾಡಿ ಕೋಡಿನ ಮೊದಲ ಎರಡು ಸಾಲಿನ ಜೊತೆ ಹೋಲಿಸುವುದು. ಮೊದಲ ಸಾಲೊಂದೇ ಸಾಲದು. ಆರಂಭ x = 0, y = 1 ಎಂಬಂಥ ಸುಲಭದ ಸಂಖ್ಯೆಗಳಲ್ಲಿ ಕೆಲವು ತಪ್ಪುಗಳು ಅಡಗಿಕೊಳ್ಳುತ್ತವೆ, ಎರಡನೆಯ ಸಾಲಿನಲ್ಲಿ ಹೊರಬೀಳುತ್ತವೆ.

ಸ್ಥಾನ, ವೇಗ ಎಂದು ಎರಡೆರಡು ಅಂಕಣ ಇರುವ ಲೋಲಕದಂಥ ಲೆಕ್ಕಗಳಲ್ಲಿ ಹೊಸ ಬೆಲೆಯನ್ನು ಬೇಕೆಂದೇ ಮುಂದಿನ ಸಾಲಿಗೆ ಹಾಕುವ ಪದ್ಧತಿಯೂ ಇದೆ, ಅದಕ್ಕೆ ಬೇರೆಯೇ ಸಮರ್ಥನೆ ಇದೆ. ಗೊತ್ತಿದ್ದು ಮಾಡುವುದು ಬೇರೆ, ಸಾಲು ಅದಲುಬದಲಾಗಿ ಆಗುವುದು ಬೇರೆ.

ಲಕ್ಷಣ: h = 0.2ಕ್ಕೆ ಸರಿ, 0.1ಕ್ಕೆ ಉತ್ತರ ದಿಢೀರನೆ ಮೇಲಕ್ಕೆ ಹೋಯಿತು

x = 1ರಲ್ಲಿ 3.187 ಬರಬೇಕಾದ ಕಡೆ 3.606 ಬಂದಿದೆ ಎಂದುಕೊಳ್ಳಿ. ಇದು ನಿಖರ ಬೆಲೆ 3.437ಕ್ಕಿಂತಲೂ ಹೆಚ್ಚು. ಮೇಲ್ಮುಖವಾಗಿ ಬಾಗುವ ಈ ರೇಖೆಯಲ್ಲಿ ಆಯ್ಲರ್ ಉತ್ತರ ಕೆಳಗೇ ಉಳಿಯಬೇಕು ಎಂದು ಆಗಲೇ ನೋಡಿದ್ದೇವೆ. ಮೇಲೆ ಬಂದರೆ ಅದು ಸಹಜ ಕೊರತೆ ಅಲ್ಲ, ಖಂಡಿತ ದೋಷ.

ಲೂಪ್ `while x < 1:` ಎಂದು ಬರೆದಿದ್ದೀರಾ ನೋಡಿ. ಕಂಪ್ಯೂಟರ್ 0.1ನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುತ್ತದೆ, ಅಲ್ಲಿ 0.1 ಪೂರ್ತಿಯಾಗಿ ಹಿಡಿಸುವುದಿಲ್ಲ. ಹತ್ತು ಸಲ 0.1 ಕೂಡಿಸಿದಾಗ ಪೈಥಾನ್ ತೋರಿಸುವುದು `0.9999999999999999`. ಅದು 1ಕ್ಕಿಂತ ಕಡಿಮೆ, ಆದ್ದರಿಂದ ಲೂಪ್ ಇನ್ನೊಂದು ಹೆಜ್ಜೆ ಇಟ್ಟುಬಿಡುತ್ತದೆ. ನಿಮಗೆ ಬಂದ 3.606 ತಪ್ಪು ಲೆಕ್ಕವಲ್ಲ, ಅದು x = 1.1ರ ಉತ್ತರ! 0.2ನ್ನು ಐದು ಸಲ ಕೂಡಿಸಿದಾಗ ಮಾತ್ರ ಅದೃಷ್ಟವಶಾತ್ 1.0 ಬರುತ್ತದೆ, ಹಾಗಾಗಿ ಅಲ್ಲಿ ತೊಂದರೆ ಕಾಣುವುದಿಲ್ಲ.

ಪರಿಹಾರ: ಹೆಜ್ಜೆಗಳನ್ನು ಎಣಿಸಿ, `range(10)`. x ಬೇಕಾದಾಗ `n*h` ಎಂದು ಲೆಕ್ಕ ಹಾಕಿ. ಉತ್ತರದ ಜೊತೆ ಕೊನೆಯ xನ್ನೂ ಯಾವಾಗಲೂ ಮುದ್ರಿಸಿ, ಆಗ ಈ ದೋಷ ಒಂದು ನೋಟಕ್ಕೆ ಸಿಕ್ಕಿಬೀಳುತ್ತದೆ.

ಲಕ್ಷಣ: ಸಂಖ್ಯೆಗಳು ಧನ, ಋಣ, ಧನ, ಋಣ ಎಂದು ಕುಣಿಯುತ್ತಿವೆ

ಇಲ್ಲಿಂದ ವಿಷಯ ಗಂಭೀರ. ಸಮೀಕರಣ y′ = −15y, ಆರಂಭ y = 1. ನಿಖರ ಉತ್ತರ ಶಾಂತವಾಗಿ ಸೊನ್ನೆಗೆ ಇಳಿಯುತ್ತದೆ, x = 0.2ರಲ್ಲೇ ಅದು ಸುಮಾರು 0.05. h = 0.2 ಇಟ್ಟು ನೋಡಿ: 1, −2, 4, −8, 16. ಕೋಡಿನಲ್ಲಿ ಒಂದಕ್ಷರ ತಪ್ಪಿಲ್ಲ, ಕೈಯಲ್ಲಿ ಮಾಡಿದರೂ ಇದೇ ಬರುತ್ತದೆ.

ಏನಾಯಿತು ಎಂದರೆ, x = 0ರಲ್ಲಿ ಇಳಿಜಾರು −15. ಅಷ್ಟು ಕಡಿದಾದ ಸ್ಪರ್ಶಕದ ಮೇಲೆ 0.2ರಷ್ಟು ದೂರ ಹೋದರೆ 3ರಷ್ಟು ಕೆಳಗಿಳಿಯುತ್ತೇವೆ, ಸೊನ್ನೆಯನ್ನು ದಾಟಿ −2ಕ್ಕೆ ಬಂದು ನಿಲ್ಲುತ್ತೇವೆ. ಅಲ್ಲಿ ಇಳಿಜಾರು +30, ಈ ಸಲ ಇನ್ನೂ ಜೋರಾಗಿ ಮೇಲಕ್ಕೆ ಜಿಗಿತ. ಪ್ರತಿ ಹೆಜ್ಜೆಯೂ yಯನ್ನು 1 − 15h ಎಂಬ ಸಂಖ್ಯೆಯಿಂದ ಗುಣಿಸುತ್ತದೆ, h = 0.2ಕ್ಕೆ ಅದು −2.

ಹೆಜ್ಜೆ ಬದಲಿಸಿದಂತೆ ರೋಗದ ಮೂರು ರೂಪ ಕಾಣುತ್ತವೆ. h = 0.1 ಆದರೆ ಗುಣಕ −0.5: 1, −0.5, 0.25, −0.125. ಕುಣಿತ ಇದೆ, ಆದರೆ ತಣಿಯುತ್ತದೆ. ಕೊನೆಯ ಸಂಖ್ಯೆ ಸೊನ್ನೆಗೆ ಹತ್ತಿರ ಇರುವುದರಿಂದ ಸರಿ ಎನಿಸುತ್ತದೆ, ನಡುವಿನ ಸಾಲುಗಳು ಮಾತ್ರ ಶುದ್ಧ ಸುಳ್ಳು. h = 0.05 ಆದರೆ ಗುಣಕ 0.25: 1, 0.25, 0.0625. ಕುಣಿತ ಇಲ್ಲ. ಗೆರೆ ಎಲ್ಲಿದೆ ಎಂದರೆ, ಸ್ಫೋಟ ತಪ್ಪಬೇಕಾದರೆ h 2/15ಕ್ಕಿಂತ, ಅಂದರೆ ಸುಮಾರು 0.133ಕ್ಕಿಂತ ಕಡಿಮೆ ಇರಬೇಕು. ಕುಣಿತವೂ ಬೇಡವೆಂದರೆ 1/15, ಸುಮಾರು 0.067 ದಾಟಬಾರದು.

ಬೇರೆ ಸಮೀಕರಣಕ್ಕೆ 15ರ ಜಾಗದಲ್ಲಿ ಏನಿಡಬೇಕು? y ಸ್ವಲ್ಪ ಬದಲಾದರೆ ಇಳಿಜಾರು ಎಷ್ಟು ಪಟ್ಟು ಬದಲಾಗುತ್ತದೆ ನೋಡಿ. y 1 ಹೆಚ್ಚಿದಾಗ ಇಳಿಜಾರು 40 ಕಡಿಮೆಯಾದರೆ ನಿಮ್ಮ ಸಂಖ್ಯೆ 40, ಮೇಲಿನ ಮಿತಿ 2/40. ದಾರಿಯುದ್ದಕ್ಕೂ ಇದು ಬದಲಾಗಬಹುದು, ಹಾಗಾಗಿ ಅತಿ ಕಡಿದಾದ ಜಾಗದ ಸಂಖ್ಯೆ ತೆಗೆದುಕೊಳ್ಳಿ.

ಎಚ್ಚರಿಕೆಯ ಮಾತೊಂದು. ಕುಣಿಯುವ ಸಾಲುಗಳ ಸರಾಸರಿ ತೆಗೆದು ನುಣುಪಾದ ಗ್ರಾಫ್ ಬಿಡಿಸುವ ಚಾಳಿ ಕೆಲವರಿಗಿದೆ. ಹಾಗೆ ಮಾಡಬೇಡಿ. ಕುಣಿತ ಹೆಜ್ಜೆ ದೊಡ್ಡದಾಯಿತೆಂದು ಕೂಗಿ ಹೇಳುತ್ತಿರುತ್ತದೆ, ಸರಾಸರಿ ಅದರ ಬಾಯಿ ಮುಚ್ಚಿಸುತ್ತದೆ ಅಷ್ಟೆ.

ಲಕ್ಷಣ: ಅರ್ಧ ಮಾಡಿದಷ್ಟೂ ಉತ್ತರ ಬೆಳೆಯುತ್ತಲೇ ಇದೆ

y′ = y², ಆರಂಭ x = 0, y = 1. x = 1ರಲ್ಲಿ y ಎಷ್ಟು? h = 0.2ಕ್ಕೆ 4.109 ಬಂತು. h = 0.1ಕ್ಕೆ 6.129. 0.05ಕ್ಕೆ ಇನ್ನೂ ಹೆಚ್ಚು. ಅನುಪಾತ 2ರ ಕಡೆ ಬರುವ ಸೂಚನೆಯೇ ಇಲ್ಲ.

ಇಲ್ಲಿ ನಿಖರ ಉತ್ತರ 1/(1 − x). x = 1ರಲ್ಲಿ ಅದು ಅನಂತಕ್ಕೆ ಹಾರುತ್ತದೆ, ನಾವು ಕೇಳುತ್ತಿರುವ ಸಂಖ್ಯೆ ಇಲ್ಲವೇ ಇಲ್ಲ. ಆಯ್ಲರ್ ಕೋಷ್ಟಕಕ್ಕೆ ಅದು ಗೊತ್ತಾಗುವುದಿಲ್ಲ. h = 0.2ರಲ್ಲಿ ಅದು ಗೋಡೆಯನ್ನು ಹಾಗೇ ದಾಟಿ x = 1.2ರಲ್ಲಿ 7.486 ಎಂದು ಶಾಂತವಾಗಿ ಬರೆದುಕೊಡುತ್ತದೆ. ಆಯ್ಲರ್ ವಿಧಾನದಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಈ ಶಾಂತತನ. ಕುಣಿಯುವ ಕೋಷ್ಟಕ ಕನಿಷ್ಠ ಗಲಾಟೆ ಮಾಡುತ್ತದೆ.

ಈ ಲಕ್ಷಣ ಕಂಡರೆ ಅಲ್ಲಿಗೇ ನಿಲ್ಲಿಸಿ. ಹೆಜ್ಜೆ ಇನ್ನಷ್ಟು ಸಣ್ಣದು ಮಾಡುವುದರಿಂದ ಪ್ರಯೋಜನವಿಲ್ಲ. x = 0.5, 0.7, 0.9ರಲ್ಲಿ ಬೇರೆಬೇರೆಯಾಗಿ ಅರ್ಧ ಮಾಡುವ ಪರೀಕ್ಷೆ ನಡೆಸಿ, ಎಲ್ಲಿಯವರೆಗೆ ಅಂತರಗಳು ಕುಗ್ಗುತ್ತವೆಯೋ ಅಲ್ಲಿಯವರೆಗಿನ ಕೋಷ್ಟಕವನ್ನಷ್ಟೇ ಉಳಿಸಿಕೊಳ್ಳಿ.

ಹೆಜ್ಜೆ ಸಣ್ಣದು ಮಾಡುವುದನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು ಯಾವಾಗ

ಅನುಪಾತ 2ರ ಹತ್ತಿರವೇ ಇದೆ, ಆದರೆ ನಿಖರತೆ ಸಾಲದು ಎಂದರೆ ಮೊದಲು ವಿಧಾನ ಬದಲಿಸಿ. ಒಂದು ದಶಮಾಂಶ ಸ್ಥಾನ ಹೆಚ್ಚು ಬೇಕೆಂದರೆ ಆಯ್ಲರ್ ಸರಿಸುಮಾರು ಹತ್ತು ಪಟ್ಟು ಹೆಜ್ಜೆ ಕೇಳುತ್ತದೆ. ಹೆಜ್ಜೆಯ ಎರಡೂ ತುದಿಯ ಇಳಿಜಾರುಗಳ ಸರಾಸರಿ ತೆಗೆದುಕೊಳ್ಳುವ ಹಾಯ್ನ್ ವಿಧಾನದಲ್ಲಿ ಮೊದಲ ಹೆಜ್ಜೆ ಹೀಗಾಗುತ್ತದೆ: ಆರಂಭದ ಇಳಿಜಾರು 1, ಅದರಿಂದ ಅಂದಾಜು y 1.2, ಅಲ್ಲಿನ ಇಳಿಜಾರು 1.4, ಸರಾಸರಿ 1.2, ಹೊಸ y = 1.24. ನಿಖರ ಬೆಲೆ 1.2428. ಇಲ್ಲಿ ಹೆಜ್ಜೆ ಅರ್ಧವಾದರೆ ತಪ್ಪು ಕಾಲು ಭಾಗಕ್ಕೆ ಇಳಿಯುತ್ತದೆ.

ಕುಣಿತ ತಪ್ಪಿಸಲು ಬೇಕಾದ h ಲಕ್ಷಾಂತರ ಹೆಜ್ಜೆ ಕೇಳುವಷ್ಟು ಚಿಕ್ಕದಾದರೆ ಸಮೀಕರಣ ಬಿಗಿ ಜಾತಿಯದು. ಅದಕ್ಕೆ ಹೆಜ್ಜೆಯ ಕೊನೆಯ ಇಳಿಜಾರನ್ನು ಬಳಸುವ ಹಿಮ್ಮುಖ ಆಯ್ಲರ್ ಬೇಕು, ಅಥವಾ ಪೈಥಾನಿನಲ್ಲಿ SciPy ಗ್ರಂಥಾಲಯದ `solve_ivp` ಕರೆದು `method="Radau"` ಎಂದು ಕೊಡಬೇಕು. ಉತ್ತರದ ಮೇಲೆ ಔಷಧದ ಪ್ರಮಾಣವೋ ಯಂತ್ರದ ವೇಗವೋ ನಿಂತಿದ್ದರೆ ಎರಡು ಬೇರೆ ಹೆಜ್ಜೆಯ ಉತ್ತರ ತಾಳೆಯಾಗದೆ ಆ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ, ಈ ಕೆಲಸ ಬಲ್ಲವರಿಂದ ನೋಡಿಸಿ.

ಅವರ ಬಳಿ ಹೋಗುವಾಗ ಸಮೀಕರಣ, ಆರಂಭದ x ಮತ್ತು y, ಕೈಯಲ್ಲಿ ಮಾಡಿದ ಮೊದಲ ಎರಡು ಸಾಲು, h ಮೂರು ಸಲ ಅರ್ಧ ಮಾಡಿ ಬಂದ ನಾಲ್ಕು ಉತ್ತರ, ಲೂಪಿನ ಒಳಗಿನ ಮೂರು ಸಾಲು ಕೋಡ್ ಜೊತೆಗಿರಲಿ. ಕೊನೆಯ ಸಂಖ್ಯೆಯೊಂದನ್ನೇ ತೋರಿಸಿ «ಇದು ಸರಿಯಾ ಸಾರ್?» ಎಂದರೆ ಅವರಿಗೂ ಹೇಳಲು ಆಗದು.